ರಾತ್ರಿ ಮೂರರ ಹನಿ ರಕ್ತ

ಸಕ್ಕರೆ ಕಾಯಿಲೆಯವರು ದವಾಖಾನೆಗೆ ಒಯ್ಯುವ ಚೀಟಿಯಲ್ಲಿ ಸಾಮಾನ್ಯವಾಗಿ ಎರಡು ಅಂಕಿ ಇರುತ್ತವೆ, ಖಾಲಿ ಹೊಟ್ಟೆಯದೊಂದು, ಊಟದ ನಂತರದ್ದೊಂದು. ಖಾಲಿ ಹೊಟ್ಟೆಯದು ಹೆಚ್ಚು ಬಂದರೆ ರಾತ್ರಿಯ ಇನ್ಸುಲಿನ್ ಏರುತ್ತದೆ. ರಾತ್ರಿ ಏನಾಯಿತೆಂದು ಕೇಳದೆ ಬರೀ ಬೆಳಗಿನ ಅಂಕಿ ನೋಡಿ ಡೋಸ್ ಏರಿಸುವ ಈ ರೂಢಿ ಅಪಾಯಕಾರಿ ಎಂಬುದು ನನ್ನ ವಾದ.

ಮುಶಿಗೇರಿಯ ಒಬ್ಬ ರೈತರನ್ನು ಕಲ್ಪಿಸಿಕೊಳ್ಳೋಣ. ವಯಸ್ಸು ಐವತ್ತೆಂಟು. 30/70 ಮಿಶ್ರಣದ ಇನ್ಸುಲಿನ್ ಬೆಳಿಗ್ಗೆ 20, ರಾತ್ರಿ 14 ಯೂನಿಟ್. ದಿನವಿಡೀ ಉಳ್ಳಾಗಡ್ಡಿ ಹೊಲದಲ್ಲಿ ಕಳೆ ತೆಗೆದು ಬಂದು, ಏಳಕ್ಕೆ ಸೂಜಿ ಹಾಕಿಕೊಂಡು, ಏಳೂವರೆಗೆ ಎರಡು ಜೋಳದ ರೊಟ್ಟಿ ಉಂಡು ಮಲಗುತ್ತಾರೆ. ಬೆಳಿಗ್ಗೆ ಆರಕ್ಕೆ ಶುಗರ್ 218. ಡೋಸ್ 18 ಆಗುತ್ತದೆ. ವಾರದ ಮೇಲೆ ನೋಡಿದರೆ 230.

ಇಲ್ಲಿ ಎರಡು ಕಥೆ ಸಾಧ್ಯ. ಮೊದಲನೆಯದು ನಸುಕಿನ ಏರಿಕೆ, ವೈದ್ಯರು ಡಾನ್ ಫಿನಾಮಿನನ್ ಎನ್ನುವುದು. ನಸುಕಿನ ಮೂರು ನಾಲ್ಕರ ಹೊತ್ತಿಗೆ ದೇಹ ಏಳುವ ಸಿದ್ಧತೆ ನಡೆಸುತ್ತದೆ. ಬೆಳವಣಿಗೆಯ ಹಾರ್ಮೋನು ಮತ್ತು ಕಾರ್ಟಿಸೋಲ್ ಪ್ರಭಾವದಲ್ಲಿ ಯಕೃತ್ತು ಗ್ಲೂಕೋಸ್ ಬಿಡುತ್ತದೆ, ಇನ್ಸುಲಿನ್ನಿನ ಹಿಡಿತ ಸಡಿಲವಾಗುತ್ತದೆ. ಎರಡನೆಯದು ಸೊಮೊಜಿ ಪರಿಣಾಮ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ದುಡಿದ ಜೀವರಸಾಯನಶಾಸ್ತ್ರಜ್ಞ ಮೈಕಲ್ ಸೊಮೊಜಿ 1930ರ ದಶಕದಲ್ಲಿ ಇದನ್ನು ಮುಂದಿಟ್ಟರು. ಇನ್ಸುಲಿನ್ ಹೆಚ್ಚಾಗಿ ನಡುರಾತ್ರಿ ಸಕ್ಕರೆ ಕುಸಿಯುತ್ತದೆ, ದೇಹ ಗಾಬರಿಗೊಂಡು ಗ್ಲುಕಗಾನ್, ಅಡ್ರಿನಲಿನ್ ಬಿಟ್ಟು ಅದನ್ನು ಮೇಲಕ್ಕೆತ್ತುತ್ತದೆ, ಬೆಳಿಗ್ಗೆ ಅಂಕಿ ಹೆಚ್ಚು ಕಾಣುತ್ತದೆ ಎಂಬುದು ಅವರ ವಿವರಣೆ. ಎರಡೂ ಕಥೆಗಳ ಕೊನೆಯಲ್ಲಿ ಅದೇ 218. ಮದ್ದು ಮಾತ್ರ ಪೂರ್ತಿ ವಿರುದ್ಧ.

ಈ ಗಂಟು ಬಿಡಿಸುವುದು ರಾತ್ರಿ ಮೂರರ ಪರೀಕ್ಷೆ. ಮಲಗುವಾಗ, ಮೂರಕ್ಕೆ, ಆರಕ್ಕೆ, ಹೀಗೆ ಮೂರು ಹನಿ. ನಮ್ಮ ರೈತರಿಗೆ ಮಲಗುವಾಗ 150, ಮೂರಕ್ಕೆ 58, ಆರಕ್ಕೆ 218 ಬಂತೆನ್ನಿ. 70ಕ್ಕಿಂತ ಕಡಿಮೆ ಎಂದರೆ ಕುಸಿತ. ರಾತ್ರಿಯ ಡೋಸೇ ಇಲ್ಲಿ ತೊಂದರೆ. ಮೂರಕ್ಕೆ 140, ಆರಕ್ಕೆ 175 ಬಂದಿದ್ದರೆ ನಸುಕಿನ ಏರಿಕೆ ಎನ್ನಬಹುದು. ಮೂರಕ್ಕೇ 240 ಇದ್ದರೆ ಎರಡೂ ಅಲ್ಲ. ರಾತ್ರಿಯ ಊಟಕ್ಕೆ ಇನ್ಸುಲಿನ್ ಸಾಲುತ್ತಿಲ್ಲ.

58 ಏಕೆ ಬಂತೆಂಬುದು ಗಡಿಯಾರ ನೋಡಿದರೆ ತಿಳಿಯುತ್ತದೆ. ಮಿಶ್ರಣದ ನೂರಕ್ಕೆ ಎಪ್ಪತ್ತು ಪಾಲು ಎನ್‌ಪಿಎಚ್ ಎಂಬ ನಿಧಾನ ಇನ್ಸುಲಿನ್. ಹಾಕಿದ ನಾಲ್ಕರಿಂದ ಎಂಟು ತಾಸಿನ ನಡುವೆ ಅದರ ಜೋರು ಹೆಚ್ಚು. ಏಳಕ್ಕೆ ಹಾಕಿದರೆ ಅದು ಹನ್ನೊಂದರಿಂದ ಮೂರರ ತನಕದ ಹೊತ್ತು. ಹೊಲದ ದುಡಿಮೆಯ ದಿನ ಸ್ನಾಯುಗಳು ರಾತ್ರಿಯಲ್ಲೂ ಗ್ಲೂಕೋಸ್ ಎಳೆದುಕೊಳ್ಳುತ್ತಿರುತ್ತವೆ. ಬೇಗ ಊಟ ಮಾಡುವ ಹಳ್ಳಿಗೆ ಈ ಮಿಶ್ರಣ ಸರಿಹೊಂದದಿರುವುದು ಇಲ್ಲೇ: ಬೇಡದ ಹೊತ್ತಿಗೆ ಜೋರು, ನಸುಕಿಗೆ ಬೇಕಾದಾಗ ಇಳಿಮುಖ.

ಆದರೆ ಸೊಮೊಜಿಯವರ ವಿವರಣೆಯನ್ನು ಪೂರ್ತಿ ನಂಬಲು ನಾನು ಸಿದ್ಧನಿಲ್ಲ. 1987ರಲ್ಲಿ ಹ್ಯಾವ್ಲಿನ್ ಮತ್ತು ಕ್ರೈಯರ್ ರಾತ್ರಿಯ ಕುಸಿತದ ನಂತರದ ಬೆಳಗಿನ ಅಂಕಿಗಳನ್ನು ನೋಡಿದಾಗ ದೊಡ್ಡ ಏರಿಕೆ ಸಾಮಾನ್ಯವಾಗಿ ಕಾಣಲಿಲ್ಲ. ಬಹುಪಾಲು ಸಂದರ್ಭದಲ್ಲಿ ರಾತ್ರಿ ಕುಸಿದವರ ಬೆಳಗಿನ ಸಕ್ಕರೆಯೂ ಕಡಿಮೆಯೇ ಇರುತ್ತದೆ. ಹಾಗಾದರೆ 58ರಿಂದ 218? ಇನ್ಸುಲಿನ್ ತೀರುತ್ತಾ ಬಂದಿರಬಹುದು. ಇಲ್ಲವೇ ಹೊಟ್ಟೆ ಸಂಕಟವಾಗಿ ಎದ್ದವರು ಬೆಲ್ಲ, ಶೇಂಗಾ ಕೈಗೆ ಬಂದಷ್ಟು ತಿಂದಿರಬಹುದು. ಬೆಳಿಗ್ಗೆ ಕೇಳಿದರೆ ಅದನ್ನು ಹೇಳಲು ನೆನಪಾಗುವುದಿಲ್ಲ. ಆದ್ದರಿಂದ ಈ ಪರೀಕ್ಷೆಯ ನಿಜವಾದ ಬೆಲೆ ಮರು ಏರಿಕೆಯನ್ನು ಸಾಬೀತುಪಡಿಸುವುದರಲ್ಲಿಲ್ಲ. ಯಾರಿಗೂ ಕಾಣದ ಕುಸಿತವನ್ನು ಅದು ಕಾಣಿಸುತ್ತದೆ. ಬೆಳಿಗ್ಗೆ 218 ಬರಲಿ, 110 ಬರಲಿ, ಆ 58 ಅಪಾಯವೇ.

ಪರೀಕ್ಷೆಯ ಕೊರತೆಯೂ ಇಲ್ಲೇ ಇದೆ. ಕುಸಿತ ರಾತ್ರಿ ಒಂದಕ್ಕೇ ಆಗಿ ಮೂರರ ಹೊತ್ತಿಗೆ ಸಕ್ಕರೆ ಚೇತರಿಸಿಕೊಂಡಿದ್ದರೆ ಒಂದು ಹನಿ ನಮ್ಮನ್ನು ದಾರಿ ತಪ್ಪಿಸುತ್ತದೆ. ಮನೆಯ ಮೀಟರಿನ ಅಂಕಿ ನೂರಕ್ಕೆ ಹದಿನೈದರಷ್ಟು ಆಚೀಚೆ ಆಗಬಹುದು, ಹಾಗಾಗಿ 75 ಕಂಡರೂ ನಿರಾಳವಾಗಬಾರದು. ಒಂದೇ ರಾತ್ರಿ ಸಾಲದು. ಮೂರು ರಾತ್ರಿ ಬೇಕು, ಅದರಲ್ಲಿ ಒಂದಾದರೂ ಹೊಲದ ಕೆಲಸ ಮಾಡಿದ ದಿನದ್ದಿರಬೇಕು, ಒಂದು ರಾತ್ರಿ ಒಂದು ಗಂಟೆಗೂ ನೋಡಬೇಕು. ಹತ್ತು ಸ್ಟ್ರಿಪ್ ಆಗುತ್ತವೆ. ಎರಡು ವಾರ ತೋಳಿಗೆ ಅಂಟಿಸುವ ಸೆನ್ಸರ್ ಇದನ್ನೆಲ್ಲ ತಾನೇ ಬರೆದುಕೊಳ್ಳುತ್ತದೆ, ಆದರೆ ಬೆಲೆ ಹೆಚ್ಚು. ಮಗ್ಗುಲಲ್ಲಿ ಮಲಗಿದವರ ಮಾತನ್ನೂ ಚೀಟಿಯಲ್ಲಿ ಬರೆಸಬೇಕು: “ರಾತ್ರಿ ಅಂಗಿ ಪೂರಾ ತೊಯ್ದಿತ್ರೀ, ಏನೇನೋ ಬಡಬಡಸ್ತಿದ್ರು.” ಬೆಳಗಿನ ತಲೆನೋವೂ ಅಂಥದ್ದೇ ಸುಳಿವು.

ಮೂರಕ್ಕೆ 70ಕ್ಕಿಂತ ಕಡಿಮೆ ಬಂದರೆ ಬೆಳಗಾಗುವ ತನಕ ಕಾಯುವಂತಿಲ್ಲ. ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು ಕಾಲು ತಾಸಿಗೆ ಮತ್ತೆ ನೋಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ಕೂಡಲೇ 108ಕ್ಕೆ ಫೋನ್ ಮಾಡಬೇಕು. ಮರುದಿನ ಆ ಚೀಟಿ ಹಿಡಿದು ವೈದ್ಯರ ಹತ್ತಿರ ಹೋದರೆ ಅವರು ರಾತ್ರಿಯ ಡೋಸ್ ಇಳಿಸಬಹುದು, ಅಥವಾ ಮಿಶ್ರಣ ಬಿಡಿಸಿ ಊಟಕ್ಕೊಂದು, ಮಲಗುವಾಗೊಂದು ಬೇರೆ ಬೇರೆ ಇನ್ಸುಲಿನ್ ಕೊಡಬಹುದು. ಮಲಗುವಾಗ ಹಾಕಿದ ಎನ್‌ಪಿಎಚ್ ನಸುಕಿನ ಹೊತ್ತಿಗೆ ಜೋರಾಗುತ್ತದೆ.