ಕೂಡಿ ನೋಡಿದ ಆಫರ್ ಲೆಟರ್

ಮಲಾಡಿನ ಮೈಂಡ್‌ಸ್ಪೇಸ್ ಕಡೆಯ ಬಿಪಿಒ ಕಂಪನಿಗಳ ಆಫರ್ ಲೆಟರ್‌ಗಳಲ್ಲಿ ಸ್ಪೆಲಿಂಗ್ ತಪ್ಪು ಹುಡುಕಿದರೂ ಸಿಗುವುದು ಕಷ್ಟ. ಆ ಅಚ್ಚುಕಟ್ಟೇ ಓದುವವರನ್ನು ಮೈಮರೆಸುತ್ತದೆ. ಪರಿಚಯದ ಹುಡುಗಿಯೊಬ್ಬಳು ಸಹಿ ಹಾಕುವ ಮೊದಲು ತೋರಿಸಿದ ಪತ್ರವೂ ಇದೇ ಜಾತಿಯದು.

ವರ್ಷದ ಸಿಟಿಸಿ 4,20,000, ಅಂದರೆ ತಿಂಗಳಿಗೆ 35,000. ಕೊನೆಯ ಪುಟದ ಪಟ್ಟಿಯಲ್ಲಿ ಬೇಸಿಕ್ 17,500, ಎಚ್‌ಆರ್‌ಎ 8,750, ಸ್ಪೆಷಲ್ ಅಲೋವೆನ್ಸ್ 6,950, ಕಂಪನಿ ಕಟ್ಟುವ ಪಿಎಫ್ 1,800, ಗ್ರಾಚ್ಯುಟಿ 842. ಕೆಳಗೆ ಒಟ್ಟು 35,000 ಎಂದಿದೆ. ಕೂಡಿದರೆ 35,842 ಬರುತ್ತದೆ. ಹೀಗೆ ಲೆಕ್ಕ ತಪ್ಪಿದಾಗ ಮೊದಲು ನೋಡಬೇಕಾದದ್ದು ವ್ಯತ್ಯಾಸದ ಮೊತ್ತವನ್ನು. 842 ಎಂದರೆ ಪಟ್ಟಿಯಲ್ಲಿರುವ ಗ್ರಾಚ್ಯುಟಿಯೇ, ಬೇಸಿಕ್‌ನ ಶೇ. 4.81. ಯಾರೋ ಆ ಸಾಲನ್ನು ಆಮೇಲೆ ಸೇರಿಸಿ ಮೊತ್ತವನ್ನು ಹಾಗೇ ಬಿಟ್ಟಿರಬೇಕು. ಗ್ರಾಚ್ಯುಟಿ ಸಿಟಿಸಿಯ ಹೊರಗಿದ್ದರೆ ಅವಳಿಗೆ ನಷ್ಟವಿಲ್ಲ. ಒಳಗಿದ್ದರೆ ಸ್ಪೆಷಲ್ ಅಲೋವೆನ್ಸ್ 6,108ಕ್ಕೆ ಇಳಿದು, ವರ್ಷಕ್ಕೆ 10,104 ರೂಪಾಯಿ ಕೈತಪ್ಪುತ್ತದೆ. ಎರಡರಲ್ಲಿ ಯಾವುದೆಂದು ಪತ್ರ ಹೇಳುವುದಿಲ್ಲ.

ಅಂಕಿಯ ತಪ್ಪನ್ನು ಕ್ಯಾಲ್ಕುಲೇಟರ್ ಹಿಡಿದುಕೊಡುತ್ತದೆ. ಷರತ್ತುಗಳ ಜಗಳ ಹಾಗಲ್ಲ, ಮೊದಲಿಂದ ಕೊನೆಯವರೆಗೆ ಸಾಲಾಗಿ ಓದಿದರೆ ಅದು ಕಣ್ಣಿಗೇ ಬೀಳದು. ಐದನೆಯ ಷರತ್ತಿನಲ್ಲಿ, ಪ್ರೊಬೇಷನ್‌ನ ಆರು ತಿಂಗಳು ಎರಡೂ ಕಡೆಯವರು 30 ದಿನದ ನೋಟಿಸ್ ಕೊಟ್ಟರೆ ಸಾಕು. ಹದಿನಾಲ್ಕನೆಯದರಲ್ಲಿ, ಉದ್ಯೋಗಿ ‘ಯಾವಾಗ’ ರಾಜೀನಾಮೆ ಕೊಟ್ಟರೂ 60 ದಿನ, ಇಲ್ಲವೇ ಅಷ್ಟು ದಿನದ ಸಂಬಳ ಕಟ್ಟಬೇಕು. ನಾಲ್ಕನೇ ತಿಂಗಳಲ್ಲಿ ಬಿಟ್ಟವಳಿಗೆ ಯಾವುದು ಅನ್ವಯ? ಕಟ್ಟಬೇಕಾದ ‘ಸಂಬಳ’ ಬೇಸಿಕ್ಕೋ, ಗ್ರಾಸ್ಸೋ? ಬರೆದವನ ಅಸ್ಪಷ್ಟತೆಯನ್ನು ಬರೆದವನ ವಿರುದ್ಧವೇ ಅರ್ಥೈಸುವ ತತ್ವ ಕೋರ್ಟುಗಳಲ್ಲಿದೆ, ನಿಜ. ಆದರೆ ತಿಂಗಳ ಸಂಬಳಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತುವವರು ಯಾರು? ಅಷ್ಟರಲ್ಲಿ ಕಂಪನಿ ಫುಲ್ ಅಂಡ್ ಫೈನಲ್‌ನಲ್ಲಿ ಹಣ ಮುರಿದುಕೊಂಡಾಗಿರುತ್ತದೆ. ಷರತ್ತುಗಳ ಇಂಥ ಜಗಳ ಕಾಣಬೇಕಾದರೆ ಪುಟದ ಓದು ಬಿಟ್ಟು ವಿಷಯದ ಓದು ಹಿಡಿಯಬೇಕು: ಪಿಡಿಎಫ್‌ನಲ್ಲಿ ನೋಟಿಸ್ ಎಂಬ ಪದವನ್ನು ಹುಡುಕಿ, ಬಂದ ಸಾಲುಗಳನ್ನೆಲ್ಲ ಒಂದೇ ಹಾಳೆಯಲ್ಲಿ ಇಳಿಸಿಕೊಳ್ಳುವುದು. ರಜೆ, ಶಿಫ್ಟ್, ವರ್ಗಾವಣೆಗೂ ಹೀಗೆಯೇ.

ರಜೆಯ ಹಾಳೆಯಲ್ಲಿ ಸಿಕ್ಕ ಸಾಲು ಇನ್ನೂ ನಾಜೂಕಾದದ್ದು. ‘ಕಂಪನಿಯು ಉದ್ಯೋಗಿಯನ್ನು ಕ್ಲೈಂಟ್ ಸಂಸ್ಥೆಯ ಕೆಲಸಕ್ಕೆ ನೇಮಿಸಬಹುದು, ಅದರ ರಜಾಪಟ್ಟಿ ಅನ್ವಯಿಸುತ್ತದೆ’ ಎಂಬುದು ಅದರ ತಾತ್ಪರ್ಯ. ಯಾರ ರಜಾಪಟ್ಟಿ? ಕ್ಲೈಂಟ್ ಅಮೆರಿಕದವನಾದರೆ ಮೇ 1 ಕೆಲಸದ ದಿನ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯೋ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಸೇರಿ ಎಂಟು ಸಂಬಳಸಹಿತ ರಜೆ ಹೇಳುತ್ತದೆ. ಇಂಥ ಕಡೆ ಸರ್ವನಾಮ ತೆಗೆದು ಎರಡೂ ಹೆಸರುಗಳನ್ನು ಒಂದೊಂದಾಗಿ ಇಟ್ಟು ಓದಬೇಕು. ಎರಡೂ ಕೂತರೆ ವಾಕ್ಯ ಕೆಟ್ಟಿದೆ ಎಂದೇ ಅರ್ಥ.

ಹುಡುಗಿ ಫೋನ್ ಮಾಡಿದಾಗ ಎಚ್‌ಆರ್ ಕೊಟ್ಟ ಉತ್ತರ, ‘ಟೈಪಿಂಗ್ ಮಿಸ್ಟೇಕ್, ತಲೆ ಕೆಡಿಸ್ಕೋಬೇಡಿ.’ ತಪ್ಪಿಗಿಂತ ಈ ಉತ್ತರವೇ ನನಗೆ ಹೆಚ್ಚು ದೋಷವಾಗಿ ಕಂಡಿತು. ಮೂರು ಪ್ರಶ್ನೆಗಳನ್ನು ಷರತ್ತಿನ ಸಂಖ್ಯೆ ಸಮೇತ ಮೇಲ್ ಮಾಡಿ, ತಿದ್ದಿದ ಪತ್ರ ಬರುವವರೆಗೆ ಸಹಿ ಹಾಕಬೇಡ ಎಂದೆ. ಗ್ರಾಚ್ಯುಟಿ ಸಿಟಿಸಿಯ ಒಳಗೇ ಎಂದು ಉತ್ತರ ಬಂತು.