ಮೂರು ಕಂತಿನ ಖರೀದಿ: ಸರಾಸರಿ ಇಳಿದರೆ ಸಾಕೆ?

ಷೇರು ಪೇಟೆಗೆ ಹೊಸದಾಗಿ ಇಳಿದವರಿಗೆ ಹಳಬರು ಹೇಳುವ ಮೊದಲ ಮಾತುಗಳಲ್ಲಿ ಇದೂ ಒಂದು: ಇರುವ ದುಡ್ಡನ್ನೆಲ್ಲ ಒಂದೇ ಸಲ ಹಾಕಬೇಡ, ಮೂರು ಪಾಲು ಮಾಡಿ ಕೊಳ್ಳು. ಬೆಲೆ ಇಳಿದರೆ ಮುಂದಿನ ಪಾಲು ಅಗ್ಗಕ್ಕೆ ಸಿಗುತ್ತದೆ, ಸರಾಸರಿ ಕೆಳಗೆ ಬರುತ್ತದೆ. ಮಾತು ನಿಜ. ಆದರೆ ಈ ಪದ್ಧತಿಯನ್ನು ಅಳೆಯಬೇಕಾದದ್ದು ಆ ಸರಾಸರಿಯಿಂದಲ್ಲ ಎಂಬುದು ನನ್ನ ವಾದ. ನಮ್ಮ ಅಂದಾಜು ಸರಿಯಾದಾಗ ಕೈಯಲ್ಲಿ ಎಷ್ಟು ಷೇರು ಇತ್ತು, ತಪ್ಪಾದಾಗ ಎಷ್ಟು ಇತ್ತು ಎಂಬುದನ್ನು ನೋಡಬೇಕು. ಆ ಕಡೆಯಿಂದ ನೋಡಿದರೆ ಮೂರು ಕಂತಿನ ಖರೀದಿಯ ಬಣ್ಣ ಬೇರೆಯೇ ಕಾಣುತ್ತದೆ.

ಒಂದು ಲೆಕ್ಕ ಹಿಡಿಯೋಣ. ಷೇರಿನ ಬೆಲೆ ₹500. ₹470ಕ್ಕೆ ಇಳಿದರೆ ಮಾರಿ ಹೊರಬರುವುದು, ಅಂದರೆ ಅದೇ ಸ್ಟಾಪ್ ಲಾಸ್. ₹560 ಮುಟ್ಟಿದರೆ ಲಾಭ ತೆಗೆದುಕೊಳ್ಳುವುದು. ಒಂದು ವ್ಯವಹಾರದಲ್ಲಿ ₹9,000ಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದು ಎಂಬುದು ನಮ್ಮ ಮಿತಿ. ಒಂದೇ ಸಲ ಕೊಳ್ಳುವವನಿಗೆ ಷೇರಿಗೆ ₹30 ಅಪಾಯ, ಹಾಗಾಗಿ 300 ಷೇರು ಕೊಳ್ಳಬಹುದು. ಗೆದ್ದರೆ ₹18,000, ಸೋತರೆ ₹9,000.

ಇನ್ನೊಬ್ಬ ಅದೇ 300 ಷೇರನ್ನು ₹500, ₹490, ₹480 ಎಂದು ನೂರು ನೂರರಂತೆ ಕೊಳ್ಳುತ್ತಾನೆ. ಮೂರೂ ಸಿಕ್ಕರೆ ಸರಾಸರಿ ₹490. ₹470ರಲ್ಲಿ ಹೊರಬಂದರೆ ನಷ್ಟ ₹6,000 ಮಾತ್ರ. ₹9,000 ಮಿತಿಯನ್ನು ಪೂರ್ತಿ ಬಳಸುವುದಾದರೆ ಅವನು ಕಂತಿಗೆ 150ರಂತೆ 450 ಷೇರು ಕೊಳ್ಳಬಹುದು. ಕಡಿಮೆ ಸರಾಸರಿ, ಹೆಚ್ಚು ಷೇರು, ಅಷ್ಟೇ ಅಪಾಯ. ಇಲ್ಲಿಗೆ ನಿಲ್ಲಿಸಿದರೆ ಮೂರು ಕಂತೇ ಗೆದ್ದಂತೆ, ಹೆಚ್ಚಿನವರು ನಿಲ್ಲಿಸುವುದೂ ಇಲ್ಲಿಗೇ.

ಮುಂದಿನ ಹೆಜ್ಜೆ ಇಡೋಣ. ಬೆಲೆ ಒಂದೇ ಜಿಗಿತಕ್ಕೆ ಬೀಳದಿದ್ದರೆ, ಸೋಲುವ ಪ್ರತಿಯೊಂದು ಷೇರೂ ₹470 ಮುಟ್ಟುವ ಮೊದಲು ₹490, ₹480 ದಾಟಿಯೇ ಹೋಗಬೇಕು. ಆದ್ದರಿಂದ ಸೋಲಿನಲ್ಲಿ ಮೂರೂ ಕಂತು ತಪ್ಪದೆ ತುಂಬಿರುತ್ತವೆ. ಗೆಲ್ಲುವ ಷೇರಿಗೆ ಅಂಥ ಕಟ್ಟುಪಾಡಿಲ್ಲ. ಕೊಂಡ ಮರುಗಳಿಗೆಯಿಂದಲೇ ಏರುವ ಷೇರಿನಲ್ಲಿ ನಮ್ಮ ಕೈಗೆ ಸಿಕ್ಕಿರುವುದು ಮೊದಲ ಕಂತಿನ 150 ಷೇರು, ಲಾಭ ₹9,000. ಒಂದೇ ಸಲ ಕೊಂಡವನಿಗೆ ಸಿಕ್ಕಿದ್ದರ ಅರ್ಧ. ₹490ಕ್ಕೆ ಬಂದು ತಿರುಗಿದರೆ ₹19,500. ₹480ಕ್ಕೆ ಬಂದು ತಿರುಗಿದರೆ ₹31,500. ಅಂದರೆ ಈ ಪದ್ಧತಿ ಸೋಲಿನಲ್ಲಿ ಯಾವಾಗಲೂ ಪೂರ್ತಿ ಪಾಲುದಾರ, ಗೆಲುವಿನಲ್ಲಿ ಕೆಲವೊಮ್ಮೆ ಮಾತ್ರ.

ಹತ್ತು ವ್ಯವಹಾರದಲ್ಲಿ ಐದು ಗೆಲುವು, ಐದು ಸೋಲು ಎಂದಿಟ್ಟುಕೊಳ್ಳಿ. ಒಂದೇ ಸಲ ಕೊಂಡವನಿಗೆ ಕೊನೆಗೆ ಉಳಿಯುವುದು ₹45,000. ಐದು ಗೆಲುವಿನಲ್ಲಿ ಮೂರು ನೇರ ಏರಿ, ಒಂದು ₹490ರಿಂದಲೂ ಇನ್ನೊಂದು ₹480ರಿಂದಲೂ ತಿರುಗಿದರೆ ಕಂತಿನವನಿಗೆ ಉಳಿಯುವುದು ₹33,000. ನೇರ ಏರಿದ್ದು ಒಂದೇ, ಉಳಿದ ನಾಲ್ಕು ಎರಡೆರಡರಂತೆ ಇಳಿದು ತಿರುಗಿದವು ಎಂದಾದರೆ ₹66,000. ಅದೇ ಗೆಲುವು, ಅದೇ ಸೋಲು, ಅದೇ ಮಿತಿ. ಬದಲಾದದ್ದು ಗೆದ್ದ ಷೇರುಗಳು ಏರುವ ಮೊದಲು ಎಷ್ಟು ಇಳಿದವು ಎಂಬುದಷ್ಟೇ. ಈ ಪದ್ಧತಿಯ ಜೀವಾಳ ಅಲ್ಲಿದೆ, ಸರಾಸರಿಯಲ್ಲಿಲ್ಲ. ಹಳೆಯ ಗರಿಷ್ಠ ಬೆಲೆಯನ್ನು ದಾಟಿದಾಗ ಕೊಳ್ಳುವವರ ಒಳ್ಳೆಯ ಷೇರುಗಳು ಹಿಂದಿರುಗಿ ನೋಡದೆ ಓಡುವುದೇ ಹೆಚ್ಚು. ಅವರಿಗೆ ಕೆಳಗಿಳಿದು ಕೊಳ್ಳುವ ಕಂತು ಹೊಂದುವುದಿಲ್ಲ. ಕುಸಿತದಲ್ಲಿ ಹಳೆಯ ಆಧಾರ ಬೆಲೆಯ ಹತ್ತಿರ ಕೊಳ್ಳುವವರಿಗೆ ತಳ ಇಂಥಲ್ಲೇ ಎಂದು ಗೊತ್ತಿರುವುದಿಲ್ಲ. ಅವರಿಗೆ ಇದು ಒಳ್ಳೆಯ ಸಾಧನ.

ಕೆಲವರು ಕಂತನ್ನು ಮೇಲ್ಮುಖವಾಗಿ ಹಾಕುತ್ತಾರೆ: ₹500, ₹510, ₹520ಕ್ಕೆ ನೂರು ನೂರು. ಸರಾಸರಿ ₹510, ನೋಡಲು ದುಬಾರಿ. ಆದರೆ ಮೊದಲ ಕಂತಿನಲ್ಲೇ ಅಂದಾಜು ತಪ್ಪಾದರೆ ನಷ್ಟ ₹3,000ಕ್ಕೆ ಮುಗಿಯುತ್ತದೆ. ಸೋಲಿನಲ್ಲಿ ಕಡಿಮೆ ಷೇರು, ಗೆಲುವಿನಲ್ಲಿ ಪೂರ್ತಿ ಷೇರು ಎಂಬ ಈ ಕ್ರಮ ನನಗೆ ಹೆಚ್ಚು ಮೆಚ್ಚುಗೆ. ಒಂದು ಷರತ್ತು ಮಾತ್ರ ಇದೆ. ಮೂರೂ ಕಂತು ಕೊಂಡ ಮೇಲೂ ಸ್ಟಾಪ್ ಲಾಸನ್ನು ₹470ರಲ್ಲೇ ಬಿಟ್ಟರೆ ಅಪಾಯ ₹12,000ಕ್ಕೆ ಏರುತ್ತದೆ, ಒಂದೇ ಸಲ ಕೊಂಡವನಿಗಿಂತ ಹೆಚ್ಚು. ಅದನ್ನು ₹500ಕ್ಕೆ ಎತ್ತಿದರೆ ₹3,000ಕ್ಕೆ ಇಳಿಯುತ್ತದೆ. ಎತ್ತಿದ್ದಕ್ಕೆ ಬೆಲೆಯೂ ಇದೆ: ₹520ರಿಂದ ₹500ಕ್ಕೆ ಬಂದು ಮತ್ತೆ ಏರುವ ಷೇರು ನಮ್ಮನ್ನು ಹೊರಗೆ ಹಾಕಿ ಹೋಗುತ್ತದೆ.

ನಾನು ಹೆಚ್ಚು ಹೆದರುವುದು ಈ ಎರಡೂ ಅಲ್ಲದ ಬೆರಕೆಗೆ. ಇಳಿದಾಗ ಕೊಳ್ಳುವೆ ಎಂದು ₹500ಕ್ಕೆ ನೂರು ಕೊಂಡಿರುತ್ತಾರೆ. ಷೇರು ಇಳಿಯದೆ ₹530ಕ್ಕೆ ಹೋಗುತ್ತದೆ. ತಾಳ್ಮೆ ಕೆಟ್ಟು ಉಳಿದ ಇನ್ನೂರನ್ನು ಅಲ್ಲೇ ಕೊಳ್ಳುತ್ತಾರೆ. ಸರಾಸರಿ ₹520 ಆಗುತ್ತದೆ, ₹470ರ ಸ್ಟಾಪ್ ಲಾಸ್ ಅಲ್ಲೇ ಇದ್ದರೆ ಅಪಾಯ ₹15,000. ನಿಮ್ಮ ಖರೀದಿ ಚೀಟಿಗಳಲ್ಲಿ ಎರಡನೇ, ಮೂರನೇ ಕಂತುಗಳು ಮೊದಲೇ ಬರೆದಿಟ್ಟ ಬೆಲೆಗೆ ಆಗಿವೆಯೇ ಎಂದು ನೋಡಿದರೆ ಈ ರೋಗ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಸ್ಟಾಪ್ ಲಾಸ್ ಇಲ್ಲದ ಕಂತು ಏನು ಮಾಡುತ್ತದೆ ಎಂಬುದಕ್ಕೆ ಯೆಸ್ ಬ್ಯಾಂಕ್ ಷೇರು ನೆನಪಾಗುತ್ತದೆ. 2018ರ ಆಗಸ್ಟ್‌ನಲ್ಲಿ ಅದು ₹400ರ ಆಸುಪಾಸಿನಲ್ಲಿತ್ತು. ಸೆಪ್ಟೆಂಬರ್ 21ರಂದು, ಮುಖ್ಯಸ್ಥ ರಾಣಾ ಕಪೂರ್ ಅವರ ಅವಧಿಯನ್ನು ರಿಸರ್ವ್ ಬ್ಯಾಂಕ್ ಮೊಟಕುಗೊಳಿಸಿದ ಸುದ್ದಿಯ ಬೆನ್ನಲ್ಲೇ, ₹320ರ ಹತ್ತಿರವಿದ್ದ ಷೇರು ಒಂದೇ ದಿನದಲ್ಲಿ ₹230ರ ಕೆಳಗೆ ಇಳಿಯಿತು. ಆ ದಿನದ ಹೊತ್ತಿಗೆ ಒಂದೇ ಕಂತು ಕೊಂಡಿದ್ದವನಿಗೆ ಪೆಟ್ಟು, ಮೂರನ್ನೂ ಕೊಂಡವನದರ ಮೂರನೇ ಒಂದು ಪಾಲು. ರಾತ್ರೋರಾತ್ರಿ ಬರುವ ಸುದ್ದಿಗೆ ಸ್ಟಾಪ್ ಲಾಸ್ ಅಡ್ಡ ನಿಲ್ಲಲಾರದು. ಅಲ್ಲಿ ಕಂತು ನಿಜವಾಗಿ ಕಾಯುತ್ತದೆ, ಇದನ್ನು ಒಪ್ಪಲೇಬೇಕು. ಆದರೆ ₹390, ₹300, ₹200 ಎಂದು ಸಮ ಸಂಖ್ಯೆಯಲ್ಲಿ ಕೊಂಡು ₹297ರ ಸರಾಸರಿಯಲ್ಲಿ ಸಮಾಧಾನ ಪಟ್ಟವನ ಗತಿ? 2020ರ ಮಾರ್ಚ್ 5ರಂದು ರಿಸರ್ವ್ ಬ್ಯಾಂಕ್ ಆ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿತು, ಮರುದಿನ ಷೇರು ₹10ಕ್ಕಿಂತಲೂ ಕೆಳಗೆ ಹೋಗಿ ಬಂತು. ₹297 ಅನ್ನುವುದು ₹390ಕ್ಕಿಂತ ಕಡಿಮೆಯೇ, ಆದರೆ ಹೋದ ದುಡ್ಡು ಒಂದು ಕಂತಿನದಲ್ಲ, ಮೂರರದೂ.

ಖರ್ಚಿನ ಮಾತು ಚಿಕ್ಕದು. ಡೆಲಿವರಿ ಖರೀದಿಯಲ್ಲಿ ತೆರಿಗೆ ಮೊತ್ತದ ಮೇಲೆ ಬೀಳುವುದರಿಂದ ಮೂರು ಕಂತಾದರೂ ಅಷ್ಟೇ. ಹೆಚ್ಚಾಗುವುದು ಆರ್ಡರಿಗೆ ಇಷ್ಟು ಎಂದು ಬ್ರೋಕರೇಜ್ ಇದ್ದರೆ ಅದು ಮಾತ್ರ. ಫ್ಯೂಚರ್ಸ್ ಕಥೆ ಬೇರೆ. ಲಾಟನ್ನು ಒಡೆಯಲಾಗದು. 2024ರ ನವೆಂಬರ್‌ನಿಂದ ಸೂಚ್ಯಂಕದ ಹೊಸ ಕಾಂಟ್ರ್ಯಾಕ್ಟಿನ ಕನಿಷ್ಠ ಮೌಲ್ಯ ₹15 ಲಕ್ಷ ಇರಬೇಕೆಂದು ಸೆಬಿ ಮಾಡಿದ ಮೇಲೆ, ಮೂರು ಕಂತು ಎಂದರೆ ಕನಿಷ್ಠ ₹45 ಲಕ್ಷದ ವ್ಯವಹಾರ. ಸಣ್ಣ ಬಂಡವಾಳದವರು ಅಲ್ಲಿ ಈ ಪದ್ಧತಿಯ ಯೋಚನೆ ಬಿಡುವುದೇ ಸರಿ.

ಇನ್ನು ತೀರ್ಮಾನ. ಇಳಿಮುಖದ ಮೂರು ಕಂತು ಎಲ್ಲರಿಗೂ ಹೇಳಬಹುದಾದ ಬುದ್ಧಿಮಾತಲ್ಲ. ಸ್ಟಾಪ್ ಲಾಸ್ ಬೆಲೆ, ಮೂರು ಖರೀದಿ ಬೆಲೆ, ಒಟ್ಟು ಷೇರು ಇವೆಲ್ಲ ಮೊದಲ ಕಂತಿಗೆ ಮುಂಚೆಯೇ ಕಾಗದದ ಮೇಲಿದ್ದವರಿಗೆ, ಅದರಲ್ಲೂ ಕುಸಿತದಲ್ಲಿ ಕೊಳ್ಳುವವರಿಗೆ ಮಾತ್ರ ಅದು ಒಪ್ಪುತ್ತದೆ. ನಿಮಗೆ ಒಪ್ಪುತ್ತದೆಯೇ ಎಂದು ತಿಳಿಯಲು ಬೇರೆಯವರನ್ನು ಕೇಳಬೇಕಿಲ್ಲ. ನೀವು ಗೆದ್ದ ಹಳೆಯ ವ್ಯವಹಾರಗಳನ್ನು ತೆಗೆದು, ಕೊಂಡ ಮೇಲೆ ಪ್ರತಿ ಷೇರು ಎಷ್ಟು ಕೆಳಗೆ ಹೋಗಿ ಬಂತು ಎಂದು ಬರೆದುಕೊಳ್ಳಿ. ಅರ್ಧಕ್ಕಿಂತ ಹೆಚ್ಚಿನವು ನಿಮ್ಮ ಎರಡನೇ ಕಂತಿನ ಬೆಲೆಯನ್ನು ಮುಟ್ಟಿಯೇ ಇಲ್ಲದಿದ್ದರೆ ಒಂದೇ ಸಲ ಕೊಳ್ಳಿ, ಷೇರಿನ ಸಂಖ್ಯೆ ಮಾತ್ರ ಮಿತಿಯೊಳಗಿರಲಿ.