ಛಾಯಾಚಿತ್ರದ ಪ್ರಾಮಾಣ್ಯ

“ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು” ಎಂಬ ಗಾದೆಯು ಛಾಯಾಚಿತ್ರವನ್ನು ಕುರಿತು ಹುಟ್ಟಿದುದಲ್ಲ. ಆದರೂ ಅದು ಈಗ ಹೆಚ್ಚಾಗಿ ಒದಗತಕ್ಕದ್ದು ಛಾಯಾಚಿತ್ರದ ವಿಷಯದಲ್ಲಿಯೇ. ದೂರದೇಶದ ಯುದ್ಧದ ಚಿತ್ರವೊಂದನ್ನು ವಾರ್ತಾಪತ್ರಿಕೆಯಲ್ಲಿ ನೋಡಿದ ಗೃಹಸ್ಥನು ‘ಓದಿದೆನು’ ಎನ್ನುವುದಿಲ್ಲ, ‘ಕಂಡೆನು’ ಎನ್ನುತ್ತಾನೆ. ವಾಸ್ತವದಲ್ಲಿ ಅವನು ಆ ಯುದ್ಧವನ್ನು ಕಂಡವನಲ್ಲ. ಅಲ್ಲಿ ನಿಂತಿದ್ದ ಮತ್ತೊಬ್ಬನು ತಂದುಕೊಟ್ಟುದನ್ನು ಮಾತ್ರ ಕಂಡವನು. ಇಂದ್ರಿಯಕ್ಕೆ ವಸ್ತುವಿನ ಸಂಪರ್ಕವಾದಾಗ ಹುಟ್ಟುವ ತಿಳಿವು ಪ್ರತ್ಯಕ್ಷವೆಂದೂ, ನಂಬತಕ್ಕವನ ಮಾತಿನಿಂದ ಬರುವ ತಿಳಿವು ಶಬ್ದಪ್ರಮಾಣವೆಂದೂ ನೈಯಾಯಿಕರು ವಿಂಗಡಿಸಿರುವರಷ್ಟೆ. ವಾರ್ತೆಯ ಛಾಯಾಚಿತ್ರವು ಪ್ರತ್ಯಕ್ಷದ ಉಡುಪನ್ನು ತೊಟ್ಟ ಶಬ್ದಪ್ರಮಾಣ. ಆದುದರಿಂದ ಅದರ ಬೆಲೆಯೆಲ್ಲವೂ ಅದನ್ನು ತಂದವನು ಆಪ್ತನೋ ಅಲ್ಲವೋ, ಎಂದರೆ ಕಂಡುದನ್ನು ಕಂಡಂತೆಯೇ ಒಪ್ಪಿಸಿದನೋ ಇಲ್ಲವೋ ಎಂಬುದನ್ನೇ ಅವಲಂಬಿಸಿರುವುದು.

ಈ ಮಾತನ್ನು ಪರೀಕ್ಷಿಸುವುದಕ್ಕೆ 2003ನೆಯ ಇಸವಿಯ ಒಂದು ಚಿತ್ರವು ಬಹಳ ತಕ್ಕುದು. ಇರಾಕಿನ ಯುದ್ಧವು ಮೊದಲಾಗಿ ಕೆಲವೇ ದಿನಗಳಾಗಿದ್ದುವು. ಆ ಮಾರ್ಚ್ ತಿಂಗಳ 31ರಂದು ಅಮೆರಿಕದ ‘ಲಾಸ್ ಏಂಜಲೀಸ್ ಟೈಮ್ಸ್’ ಪತ್ರಿಕೆಯ ಮುಖಪುಟದಲ್ಲಿ, ಅದರ ಸ್ವಂತ ಛಾಯಾಗ್ರಾಹಕನಾದ ಬ್ರಯಾನ್ ವಾಲ್ಸ್ಕಿಯು ಬಸ್ರಾ ನಗರದ ಹತ್ತಿರ ತೆಗೆದ ಚಿತ್ರವೊಂದು ಪ್ರಕಟವಾಯಿತು. ನೆಲದ ಮೇಲೆ ಇರಾಕಿನ ನಾಗರಿಕರ ಗುಂಪು ಕುಳಿತಿರುವುದು. ಬಂದೂಕು ಹಿಡಿದ ಬ್ರಿಟಿಷ್ ಸೈನಿಕನೊಬ್ಬನು ಕೈನೀಡಿ ಅವರಿಗೆ ಮರೆಯಾಗಿರಿ ಎಂದು ಸಂಜ್ಞೆ ಮಾಡುತ್ತಿರುವನು. ಗುಂಪಿನ ನಡುವಿನಿಂದ ಎದ್ದ ಒಬ್ಬ ಮನುಷ್ಯನು ಮಗುವನ್ನೆತ್ತಿಕೊಂಡು ಆ ಸೈನಿಕನ ಕಡೆಗೇ ನೋಡುತ್ತಿರುವನು. ನೀಡಿದ ಕೈ, ಎತ್ತಿದ ಮಗು, ಇವೆರಡರ ನಡುವಣ ಬಯಲು: ನೋಡುವವನ ಕಣ್ಣು ಆ ಕೈಯಿಂದ ಮಗುವಿಗೂ ಮಗುವಿನಿಂದ ಕೈಗೂ ತಿರುಗಿ ತಿರುಗಿ ಹೋಗುವಂತೆ ಆ ಚಿತ್ರವು ರಚಿತವಾಗಿದ್ದಿತು. ರಚಿತವಾಗಿದ್ದಿತೆಂಬುದೇ ಇಲ್ಲಿನ ದೋಷ. ವಾಲ್ಸ್ಕಿಯು ಕೆಲವು ಕ್ಷಣಗಳ ಅಂತರದಲ್ಲಿ ತೆಗೆದ ಎರಡು ಚಿತ್ರಗಳಿದ್ದುವು. ಒಂದರಲ್ಲಿ ಸೈನಿಕನ ಭಂಗಿ ಚೆನ್ನಾಗಿತ್ತು; ಇನ್ನೊಂದರಲ್ಲಿ ಮಗುವನ್ನೆತ್ತಿದವನ ನಿಲುವು ಚೆನ್ನಾಗಿತ್ತು. ಅವನು ಗಣಕಯಂತ್ರದಲ್ಲಿ ಎರಡನ್ನೂ ಕೂಡಿಸಿ ಒಂದಾಗಿ ಮಾಡಿ ಕಳುಹಿಸಿದ್ದನು.

ಇದು ಬೆಳಕಿಗೆ ಬಂದ ಬಗೆಯೂ ತಿಳಿಯತಕ್ಕದ್ದು. ಅದೇ ಒಡೆತನಕ್ಕೆ ಸೇರಿದ್ದ ‘ಹಾರ್ಟ್‌ಫರ್ಡ್ ಕೊರಾಂಟ್’ ಎಂಬ ಪತ್ರಿಕೆಯೂ ಈ ಚಿತ್ರವನ್ನು ಅಚ್ಚುಮಾಡಿತ್ತು. ಅಲ್ಲಿ ಕೆಲಸದಲ್ಲಿದ್ದ ಒಬ್ಬರು ಹಿನ್ನೆಲೆಯ ಗುಂಪನ್ನು ದಿಟ್ಟಿಸಿ ನೋಡಿದಾಗ ಕುಳಿತವರಲ್ಲಿ ಕೆಲವರು ಎರಡು ಸಲ ಕಾಣಿಸಿಕೊಂಡಿದ್ದರು. ಎರಡು ಚಿತ್ರಗಳು ಸೇರಿದ ಬೆಸುಗೆಯಲ್ಲಿ ಒಬ್ಬನೇ ಮನುಷ್ಯನು ಇಬ್ಬರಾಗಿ ಉಳಿದಿದ್ದನು. ಪ್ರಕೃತಿಯಲ್ಲಿ ಒಂದು ರೂಪವು ಗೆರೆಗೆರೆಯೂ ಹೊಂದುವಂತೆ ಮರುಕಳಿಸುವುದಿಲ್ಲ; ಚಿತ್ರದಲ್ಲಿ ಹಾಗೆ ಮರುಕಳಿಸಿದರೆ ಅಲ್ಲಿ ಕೈಯಾಡಿದೆ ಎಂದೇ ತಿಳಿಯಬೇಕು. ಪತ್ರಿಕೆಯವರು ವಿಚಾರಿಸಲು ವಾಲ್ಸ್ಕಿಯು ಒಪ್ಪಿಕೊಂಡನು. ಚಿತ್ರದ ಸಂಯೋಜನೆಯನ್ನು ಉತ್ತಮಗೊಳಿಸುವುದೇ ತನ್ನ ಉದ್ದೇಶವಾಗಿತ್ತೆಂದನು. ಅವನನ್ನು ಕೆಲಸದಿಂದ ತೆಗೆದುಹಾಕಿದರು. ಏಪ್ರಿಲ್ 2ರ ಸಂಚಿಕೆಯಲ್ಲಿ ಮೂಲದ ಎರಡು ಚಿತ್ರಗಳನ್ನೂ ಕೂಡಿಸಿದ ಮೂರನೆಯದನ್ನೂ ಸೇರಿಸಿ ಅಚ್ಚುಮಾಡಿ ಓದುಗರಿಗೆ ತಪ್ಪೊಪ್ಪಿಕೊಂಡರು.

ಇಲ್ಲಿ ಪೂರ್ವಪಕ್ಷವೊಂದು ಏಳುವುದು ಸಹಜ. ಸೈನಿಕನು ಅಲ್ಲಿದ್ದುದು ನಿಜ. ಮಗುವನ್ನೆತ್ತಿದವನು ಇದ್ದುದೂ ನಿಜ. ಇಬ್ಬರೂ ಒಂದೇ ಸ್ಥಳದಲ್ಲಿ, ಬಹುಮಟ್ಟಿಗೆ ಒಂದೇ ಹೊತ್ತಿನಲ್ಲಿ ಇದ್ದರು. ಇಲ್ಲದುದನ್ನು ಏನನ್ನೂ ತಂದಿಟ್ಟಿಲ್ಲವಲ್ಲ, ಸುಳ್ಳೆಲ್ಲಿ? ಇದಕ್ಕೆ ಉತ್ತರವು ಪಾಠಶಾಲೆಯ ಬಾಲಕನಿಗೂ ತಿಳಿಯುವಂಥದು. ‘ರಾಮನು ಬಂದನು’, ‘ಕೃಷ್ಣನು ಬಿದ್ದನು’ ಎಂಬೆರಡು ವಾಕ್ಯಗಳು ನಿಜವಾಗಿದ್ದರೆ, ಅವುಗಳಿಂದ ಒಂದೊಂದು ಪದವನ್ನು ತೆಗೆದು ‘ರಾಮನು ಬಿದ್ದನು’ ಎಂದರೆ ನಿಜವಾಗುವುದಿಲ್ಲ. ಪದಗಳು ಪ್ರಾಮಾಣಿಕ, ವಾಕ್ಯವು ಸುಳ್ಳು. ಏಕೆಂದರೆ ವಾಕ್ಯದ ಅರ್ಥವು ಪದಗಳ ರಾಶಿಯಲ್ಲ, ಅವುಗಳ ಅನ್ವಯ. ಬಸ್ರಾದ ಚಿತ್ರದಲ್ಲಿ ನೋಡುವವರ ಮನಸ್ಸನ್ನು ಕಲಕಿದುದು ಸೈನಿಕನೂ ಅಲ್ಲ, ಮಗುವೂ ಅಲ್ಲ. ಆ ಕೈಗೂ ಈ ಮಗುವಿಗೂ ಇದ್ದಂತೆ ತೋರಿದ ಸಂಬಂಧ. ಆ ಅನ್ವಯವನ್ನು ಘಟನೆಯು ಮಾಡಿರಲಿಲ್ಲ, ಛಾಯಾಗ್ರಾಹಕನು ಮಾಡಿದನು. ಚಿತ್ರಗಾರನಿಗೆ ಈ ಅಧಿಕಾರವುಂಟು. ಅವನು ಹತ್ತು ಮುಖಗಳನ್ನು ಕಂಡು ಹನ್ನೊಂದನೆಯದನ್ನು ಬರೆಯಬಹುದು. ಸಾಕ್ಷಿ ಹೇಳಬಂದವನಿಗೆ ಈ ಅಧಿಕಾರವಿಲ್ಲ. ಮಗುವನ್ನೆತ್ತಿದ ಆ ಮನುಷ್ಯನ ಕಡೆಯಿಂದಲೂ ಯೋಚಿಸಬೇಕು. ಅವನ ಭಯದ ಗಳಿಗೆಯನ್ನು ಅವನನ್ನು ಕೇಳದೆಯೇ ಲೋಕಕ್ಕೆ ತೋರಿಸಿದುದು ವಾರ್ತೆಯ ಹೆಸರಿನಲ್ಲಿ ಕ್ಷಮ್ಯವಾಗಬಹುದು. ಅವನಿಗೆ ಒದಗದ ಗಳಿಗೆಯೊಂದನ್ನು ಅವನದೆಂದು ತೋರಿಸುವುದಕ್ಕೆ ಯಾವ ಹೆಸರೂ ಸಾಲದು.

ಬದಲಾವಣೆಯು ಅತ್ಯಲ್ಪವಾಗಿದ್ದರೆ ಏನು? ಇದಕ್ಕೂ ಒಂದು ಉದಾಹರಣೆಯುಂಟು. 2013ರ ಸೆಪ್ಟೆಂಬರಿನಲ್ಲಿ ಸಿರಿಯಾ ದೇಶದ ಯುದ್ಧಭೂಮಿಯಲ್ಲಿ ನಾರ್ಸಿಸೊ ಕಾಂಟ್ರೆರಾಸ್ ಎಂಬ ಛಾಯಾಗ್ರಾಹಕನು, ಗುಂಡಿಗೆ ಮರೆಯಾಗುತ್ತಿದ್ದ ಹೋರಾಟಗಾರನೊಬ್ಬನ ಚಿತ್ರವನ್ನು ತೆಗೆದನು. ಚಿತ್ರದ ಕೆಳಗಣ ಎಡಮೂಲೆಯಲ್ಲಿ ಜೊತೆಯವನೊಬ್ಬನ ವಿಡಿಯೋ ಕ್ಯಾಮರಾ ನೆಲದ ಮೇಲಿದ್ದುದು ಕಾಣುತ್ತಿತ್ತು. ಅವನು ಅಕ್ಕಪಕ್ಕದ ನೆಲದ ತುಣುಕುಗಳನ್ನೇ ನಕಲುಮಾಡಿ ಅದರ ಮೇಲೆ ಹೊದಿಸಿ ಕ್ಯಾಮರಾವನ್ನು ಅಡಗಿಸಿದನು. ಮುಂದೆ ತಾನಾಗಿಯೇ ಸಂಪಾದಕರಿಗೆ ಹೇಳಿದನು. ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆಯು ಅವನ ಸುಮಾರು 500 ಚಿತ್ರಗಳನ್ನು ಪರೀಕ್ಷಿಸಿತು. ಬೇರೊಂದರಲ್ಲಿಯೂ ಇಂಥ ದೋಷವು ಕಾಣಲಿಲ್ಲ. ಹಾಗಿದ್ದರೂ 2014ರ ಜನವರಿಯಲ್ಲಿ ಅವನ ಸಂಬಂಧವನ್ನು ಕಡಿದುಕೊಂಡು, ಅವನ ಚಿತ್ರಗಳೆಲ್ಲವನ್ನೂ ಮಾರಾಟದಿಂದ ಹಿಂತೆಗೆಯಿತು. 2013ರಲ್ಲಿ ಪುಲಿಟ್ಜರ್ ಪಾರಿತೋಷಕವನ್ನು ಹಂಚಿಕೊಂಡವರಲ್ಲಿ ಅವನೂ ಒಬ್ಬನಾಗಿದ್ದನು.

ಶಿಕ್ಷೆಯು ಕ್ರೂರವೆಂದು ಹಲವರಿಗೆ ತೋರೀತು. ಆದರೆ ಪ್ರಮಾಣದ ದೃಷ್ಟಿಯಿಂದ ನೋಡಿದರೆ ಅದರ ಕಾರಣವು ಸ್ಪಷ್ಟವಾಗುವುದು. ಆ ಕ್ಯಾಮರಾ ಒಂದು ಮೂಲೆಯಲ್ಲಿದ್ದುದರಿಂದ, ಆ ಅಂಚನ್ನು ಕತ್ತರಿಸಿಬಿಟ್ಟಿದ್ದರೆ ತಪ್ಪೆನಿಸುತ್ತಿರಲಿಲ್ಲ. ಎರಡು ಬಗೆಯಲ್ಲಿಯೂ ಕ್ಯಾಮರಾ ಮರೆಯಾಗುವುದು, ಭೇದವೇನು? ಚಿತ್ರಕ್ಕೆ ಅಂಚುಂಟೆಂಬುದನ್ನು ನೋಡುವವರೆಲ್ಲರೂ ಬಲ್ಲರು. ಅಂಚಿನ ಆಚೆಗೆ ಏನೋ ಇದ್ದೀತೆಂದು ಪ್ರತಿಯೊಂದು ಚೌಕಟ್ಟೂ ತಾನಾಗಿಯೇ ಹೇಳುತ್ತಿರುವುದು. ಚೌಕಟ್ಟಿನ ಒಳಗಾದರೋ ‘ಇಲ್ಲಿ ಕಾಣುವುದೇ ಇಲ್ಲಿ ಇದ್ದುದು’ ಎಂಬ ಪ್ರತಿಜ್ಞೆಯಿದೆ. ಕತ್ತರಿಸಿದವನು ಸುಮ್ಮನಾದವನು, ಒಳಗೆ ತೇಪೆ ಹಾಕಿದವನು ‘ಇಲ್ಲಿ ಬರಿಯ ನೆಲವಿತ್ತು’ ಎಂದು ಹೇಳಿದವನು. ಕತ್ತರಿಯೂ ನಿರ್ದೋಷವಲ್ಲ: ಬಂದೂಕು ಹಿಡಿದವನನ್ನು ಕತ್ತರಿಸಿ, ಕೈಯೆತ್ತಿ ನಿಂತವನನ್ನು ಮಾತ್ರ ಉಳಿಸಿದರೆ ಆ ಮೌನವೇ ಸುಳ್ಳಾಗುವುದು. ಬೆಳಕುನೆರಳುಗಳನ್ನು ಹದಮಾಡುವುದಕ್ಕೂ ಇದೇ ನ್ಯಾಯ. ಹಿಂದೆ ಕತ್ತಲೆಕೋಣೆಯಲ್ಲಿ ಮಾಡುತ್ತಿದ್ದಂತೆ ಚಿತ್ರವನ್ನು ಅಲ್ಪಸ್ವಲ್ಪ ತಿಳಿಮಾಡುವುದಕ್ಕೂ ಕಪ್ಪುಮಾಡುವುದಕ್ಕೂ ವಾರ್ತಾಸಂಸ್ಥೆಗಳ ಸಮ್ಮತಿಯುಂಟು. ಆದರೆ ಒಂದು ಮೂಲೆಯನ್ನು ಕಪ್ಪುಮಾಡುತ್ತ ಮಾಡುತ್ತ ಅಲ್ಲಿದ್ದವನು ಕಾಣದೆ ಹೋದರೆ, ಅದು ಹದಮಾಡಿದುದಲ್ಲ, ಅಳಿಸಿದುದು.

ಇಷ್ಟರಿಂದ ಚಿತ್ರದ ಮೇಲೆ ಕೈಯಾಡಿಸದಿದ್ದರೆ ಸಾಕೆಂದು ತಿಳಿಯಬಾರದು. ಈ ದೇಶದಲ್ಲಿಯೇ ನಡೆದ ಹಳೆಯ ಸಂಗತಿಯೊಂದು ಅದಕ್ಕೆ ನಿದರ್ಶನ. 1857ರ ನವೆಂಬರಿನಲ್ಲಿ ಲಕ್ನೋವಿನ ಸಿಕಂದರ್ ಬಾಗಿನಲ್ಲಿ ಆಂಗ್ಲಸೈನ್ಯವು ಸುಮಾರು ಎರಡು ಸಾವಿರ ಸಿಪಾಯಿಗಳನ್ನು ಕೊಂದಿತು. ಫೆಲಿಸ್ ಬಿಯಾಟೊ ಎಂಬ ಛಾಯಾಗ್ರಾಹಕನು ಲಕ್ನೋವಿಗೆ ಬಂದುದು 1858ರಲ್ಲಿ, ಕೆಲವು ತಿಂಗಳುಗಳು ಕಳೆದ ಮೇಲೆ. ಅವನ ಪ್ರಸಿದ್ಧವಾದ ಚಿತ್ರದಲ್ಲಿ ಹಾಳುಬಿದ್ದ ಕಟ್ಟಡದ ಮುಂದಣ ಅಂಗಳದಲ್ಲಿ ಎಲುಬುಗಳೂ ತಲೆಬುರುಡೆಗಳೂ ಚೆಲ್ಲಿಬಿದ್ದಿರುವುವು. ಮುಚ್ಚಲ್ಪಟ್ಟಿದ್ದ ಆ ಅವಶೇಷಗಳನ್ನು ಛಾಯಾಗ್ರಾಹಕನ ಸಲುವಾಗಿ ಹೊರತೆಗೆಸಲಾಯಿತೆಂದು ಆಗ ಅಲ್ಲಿದ್ದ ಜಾರ್ಜ್ ಕ್ಯಾಂಪ್‌ಬೆಲ್ ಎಂಬ ಆಂಗ್ಲ ಅಧಿಕಾರಿಯು ತನ್ನ ನೆನಪುಗಳಲ್ಲಿ ಬರೆದಿರುವನು. ಚಿತ್ರದ ಗಾಜಿನ ಮೇಲೆ ಯಾವ ಕೃತ್ರಿಮವೂ ನಡೆದಂತಿಲ್ಲ. ಕ್ಯಾಮರಾದ ಎದುರಿಗೆ ಇದ್ದುದೇ ಅದರಲ್ಲಿ ಬಂದಿದೆ. ಆದರೆ ಎದುರಿಗೆ ಇದ್ದುದನ್ನೇ ಚಿತ್ರಕ್ಕಾಗಿ ಅಣಿಮಾಡಿದ್ದರು. ಕೊಲೆಯು ಸತ್ಯ, ಎಲುಬುಗಳು ಸತ್ಯ. ಕದನದ ಮಾರನೆಯ ದಿನದಂತೆ ಕಾಣುವ ಆ ಅಂಗಳವು ಮಾತ್ರ ಕಟ್ಟಿದುದು. ಸತ್ತವರಿಗೆ ‘ನಮ್ಮನ್ನು ಹೀಗೆ ಹರಡಬೇಡಿ’ ಎನ್ನುವ ಶಕ್ತಿಯೂ ಇರಲಿಲ್ಲ. ‘ಈ ಅವಶೇಷಗಳನ್ನು ಚಿತ್ರಕ್ಕಾಗಿ ಹೊರತೆಗೆಯಲಾಯಿತು’ ಎಂಬ ಒಂದು ಸಾಲನ್ನು ಅಡಿಯಲ್ಲಿ ಬರೆದಿದ್ದರೆ, ಅದೇ ಚಿತ್ರವು ಸತ್ತವರ ಗತಿಯನ್ನೂ ಗೆದ್ದವರ ಮನೋಧರ್ಮವನ್ನೂ ಒಟ್ಟಿಗೆ ಹೇಳುವ ಪ್ರಾಮಾಣಿಕವಾದ ಸಾಕ್ಷ್ಯವಾಗುತ್ತಿದ್ದಿತು.

ಈ ಮೂರು ಚಿತ್ರಗಳನ್ನು ಒಟ್ಟಿಗಿಟ್ಟು ನೋಡಿದರೆ, ಮಿತಿಯ ಗೆರೆಯು ಬದಲಾವಣೆಯ ದೊಡ್ಡತನ ಚಿಕ್ಕತನಗಳನ್ನು ಹಿಡಿದು ಹಾಯುವುದಿಲ್ಲವೆಂಬುದು ಗೊತ್ತಾಗುವುದು. ಚಿತ್ರವನ್ನು ನೋಡುವವನಿಗೆ ಮಾಡಿದುದನ್ನೆಲ್ಲ ತಿಳಿಸಿದ ಮೇಲೆಯೂ ಆ ಚಿತ್ರವು ಸಾಕ್ಷಿಯಾಗಿ ನಿಲ್ಲುವುದೇ? ಇದೇ ಒರೆಗಲ್ಲು. ಅಂಚನ್ನು ಕತ್ತರಿಸಿದೆನೆಂದು ಹೇಳಬಹುದು, ಕಪ್ಪನ್ನು ತಿಳಿಮಾಡಿದೆನೆಂದು ಹೇಳಬಹುದು, ಚಿತ್ರಕ್ಕೆ ಕುಂದಿಲ್ಲ. ಎರಡು ಕ್ಷಣಗಳನ್ನು ಒಂದುಮಾಡಿದೆನೆಂದು ಹೇಳಿದೊಡನೆಯೇ ಬಸ್ರಾದ ಚಿತ್ರವು ಸಾಕ್ಷಿಯ ಪೀಠದಿಂದ ಇಳಿದು ಕಲ್ಪನೆಯ ಸಾಲಿಗೆ ಸೇರುವುದು. ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯಲ್ಲಿ ಕೊನೆಯ ಸುತ್ತಿಗೆ ಬಂದವರಿಂದ ಕ್ಯಾಮರಾದಿಂದ ಬಂದ ಮೂಲಪ್ರತಿಗಳನ್ನು ತರಿಸಿ ಹೋಲಿಸಿ ನೋಡುವರು. ಒಬ್ಬ ಸಾಕ್ಷಿಯ ಮಾತನ್ನು ಮತ್ತೊಂದರಿಂದ ತಾಳೆನೋಡುವ ಹಳೆಯ ಕ್ರಮವೇ ಅದು. ಆದರೆ ಈಗ ಕೈಯಿಂದ ಕೈಗೆ ಬರುವ ಚಿತ್ರಗಳಲ್ಲಿ ಹಲವಕ್ಕೆ ತೆಗೆದವನ ಹೆಸರಿಲ್ಲ, ದಿನವಿಲ್ಲ, ಮೂಲವಿಲ್ಲ. ಹೇಳಿದವನು ಯಾರೆಂದು ತಿಳಿಯದ ಮಾತನ್ನು ಆಪ್ತವಾಕ್ಯವೆಂದು ಯಾವ ಗೃಹಸ್ಥನೂ ನಂಬಲಾರನು. ಚಿತ್ರವು ಬಂದಾಗ ಮಾತ್ರ ‘ಕಂಡೆನು’ ಎಂದುಬಿಡುವನು. ಅಲ್ಲಿ ನಿಂತಿದ್ದವರು ಯಾರು, ಎಂದು ನಿಂತಿದ್ದರು ಎಂದು ಕೇಳುವವರೆಗೆ ಅವನು ಕಂಡುದು ಒಂದು ಕಾಗದವನ್ನು ಮಾತ್ರ.